ಪುಣೆಯ ಹೊಸ ಮನೆಗೆ ನೇಮ್‌ಪ್ಲೇಟ್: ನಂಬರೋ, ಅಡ್ಡಹೆಸರೋ, ಕನ್ನಡದ ಹೆಸರೋ?

ಧಾಯರಿಯಲ್ಲಿ ರೋ ಹೌಸ್ ತಗೊಂಡಾಗ ಗೃಹಪ್ರವೇಶಕ್ಕೂ ಮೊದಲೇ ನಾವು ಬೋರ್ಡು ಮಾಡಿಸಿಟ್ಟಿದ್ದೆವು. ಹಿತ್ತಾಳೆಯ ತಗಡು. ಅದರ ಮೇಲೆ ಕನ್ನಡದಲ್ಲಿ ‘ಗುರುಕೃಪಾ’, ಕೆಳಗೆ ಇಂಗ್ಲಿಷಿನಲ್ಲಿ ನಮ್ಮ ಅಡ್ಡಹೆಸರು ಕುಲಕರ್ಣಿ. ನೋಡಲು ಬಹಳ ಚೆಂದ ಇತ್ತು. ಎರಡು ತಿಂಗಳಲ್ಲಿ ಅವ್ವನ ಔಷಧಿಯ ಪಾರ್ಸೆಲ್ ಎರಡು ಸಲ ವಾಪಸ್ ಹೋಯಿತು. ಧಾರವಾಡದಿಂದ ಬಂದ ಮಾವ ನಮ್ಮ ಗೇಟಿನ ಮುಂದೆಯೇ ದಾಟಿಹೋಗಿ, ಹಿಂದಿನ ಓಣಿಯ ಇನ್ನೊಂದು ಕುಲಕರ್ಣಿ ಮನೆಯಲ್ಲಿ ಕೂತು ನೀರು ಕುಡಿದು ಫೋನ್ ಮಾಡಿದರು.

ಆಮೇಲೆ ಆ ಬೋರ್ಡು ತೆಗೆದು ಬೇರೆ ಮಾಡಿಸಿದೆವು. ಎರಡನೇ ಸಲ ಮಾಡುವಾಗ ಒಂದೊಂದನ್ನೂ ಹೋಲಿಸಿ ನೋಡಿದೆವು. ಪುಣೆಯಲ್ಲಿ ಹೊಸ ಮನೆ ಮಾಡುತ್ತಿರುವ ಕನ್ನಡದವರಿಗೆ ಆ ಲೆಕ್ಕ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ದೊಡ್ಡದಾಗಿ ಏನು ಬರೆಯಬೇಕು?

ಪಾರ್ಸೆಲ್ ಹೇಗೆ ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಊರು ಮತ್ತು ಏರಿಯಾವರೆಗೆ ಅದನ್ನು ತರುವುದು ಪಿನ್‌ಕೋಡ್. ಧಾಯರಿಯದು 411041. ಅಲ್ಲಿಂದ ಓಣಿಯವರೆಗೆ ತರುವುದು ಮ್ಯಾಪ್ ಮತ್ತು ವಾಚ್‌ಮನ್. ಕೊನೆಯ ಐವತ್ತು ಅಡಿಯಲ್ಲಿ ಮಾತ್ರ ನಿಮ್ಮ ಬೋರ್ಡು ಕೆಲಸಕ್ಕೆ ಬರುತ್ತದೆ. ಹುಡುಗ ಗಾಡಿ ನಿಧಾನ ಮಾಡಿ, ಕೈಯಲ್ಲಿರುವ ಚೀಟಿಯನ್ನೋ ಮೊಬೈಲನ್ನೋ ನೋಡಿ, ತಲೆ ಎತ್ತಿ ಗೇಟು ನೋಡುತ್ತಾನೆ. ಅವನು ಕೂತು ಓದುವುದಿಲ್ಲ. ಚೀಟಿಯಲ್ಲಿ ಇದ್ದದ್ದು ಗೇಟಿನ ಮೇಲೂ ಇದೆಯಾ ಅಂತ ಒಂದೆರಡು ಸೆಕೆಂಡಿನಲ್ಲಿ ಹೊಂದಿಸಿ ನೋಡುತ್ತಾನೆ, ಅಷ್ಟೇ.

ಹೀಗೆ ಹೊಂದಿಸಲು ಅತಿ ಸುಲಭವಾದದ್ದು ನಂಬರು. 14 ಎಂಬುದಕ್ಕೆ ಸ್ಪೆಲಿಂಗ್ ತಕರಾರಿಲ್ಲ. ಬಿಹಾರದ ಹುಡುಗನಿಗೂ ಲಾತೂರಿನ ಹುಡುಗನಿಗೂ ಅದು 14. ಆದರೆ ಪುಣೆಯಲ್ಲಿ ಒಂದು ಮನೆಗೆ ಮೂರು ನಾಲ್ಕು ನಂಬರು ಇರುತ್ತವೆ, ಇದು ನೆನಪಿರಲಿ. ಖರೀದಿ ಪತ್ರದಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ ನಂಬರು ಇರುತ್ತದೆ. ಅದು ಹಳೆಯ ಹೊಲದ ನಂಬರು, ಒಂದೇ ಸರ್ವೆ ನಂಬರಿನಲ್ಲಿ ನೂರಾರು ಮನೆ ಇರಬಹುದು. ಮಹಾನಗರಪಾಲಿಕೆಯ ಮನೆ ತೆರಿಗೆಗೆ ಇನ್ನೊಂದು ನಂಬರು. ಬಿಲ್ಡರ್ ಕೊಟ್ಟ ಪ್ಲಾಟ್ ನಂಬರು, ಸೊಸೈಟಿಯ ರೋ ಹೌಸ್ ನಂಬರು ಒಂದೇ ಆಗಿರಬೇಕು ಅಂತೇನಿಲ್ಲ. ನಮ್ಮದು ಪ್ಲಾಟ್ 9, ರೋ ಹೌಸ್ 14. ಬೋರ್ಡಿನ ಮೇಲೆ ಬರಬೇಕಾದದ್ದು ವಾಚ್‌ಮನ್ ಬಾಯಲ್ಲಿ ಇರುವ ನಂಬರು. ಅವನನ್ನೇ ಕೇಳಿ: ‘ಮಾಮಾ, ಆಮಚಾ ನಂಬರ್ ಕಿತಿ?’ ಅವನು ಹೇಳಿದ್ದೇ ನಿಮ್ಮ ನಂಬರು.

ಅಂಕಿ ಯಾವುದು ಅನ್ನುವುದರಲ್ಲಿ ನನಗೆ ಗೊಂದಲ ಇಲ್ಲ. ಹೆಸರು ಕನ್ನಡದಲ್ಲಿರಲಿ, ಅಂಕಿ ಮಾತ್ರ 1, 2, 3 ಇರಲಿ. ಕನ್ನಡ ಅಂಕಿ ಅಲ್ಲಿ ಯಾರಿಗೂ ಬರುವುದಿಲ್ಲ. ಮರಾಠಿ ಅಂಕಿ ಬಹಳ ಜನರಿಗೆ ಬರುತ್ತದೆ, ಆದರೆ ದೇವನಾಗರಿಯ १ ಅಂಕಿ ಸಂಜೆ ಬೆಳಕಿನಲ್ಲಿ ಇಂಗ್ಲಿಷಿನ ಒಂಬತ್ತರ ಹಾಗೆ ಕಾಣುತ್ತದೆ. ಚೀಟಿಯ ಮೇಲೆ ಹೇಗೂ 14 ಅಂತಲೇ ಅಚ್ಚಾಗಿರುತ್ತದೆ.

ಅಡ್ಡಹೆಸರಿನ ಕತೆ ಬೇರೆ. ಊರಲ್ಲಿ ‘ಕುಲಕರ್ಣಿಯವರ ಮನೆ’ ಅಂದರೆ ಸಾಕು. ಪುಣೆಯಲ್ಲಿ ಅದು ಸಾಲುವುದಿಲ್ಲ. ಕುಲಕರ್ಣಿ, ಪಾಟೀಲ, ದೇಶಪಾಂಡೆ, ಜೋಶಿ, ದೇಸಾಯಿ ಇವೆಲ್ಲ ಗಡಿಯ ಎರಡೂ ಕಡೆ ಇರುವ ಹೆಸರುಗಳು. ನಮ್ಮ ಸೊಸೈಟಿಯ 22 ಮನೆಗಳಲ್ಲಿ ಮೂರು ಕುಲಕರ್ಣಿ. ನಿಮ್ಮದು ಹಿರೇಮಠ, ಅಂಗಡಿ, ಹೂಗಾರ ಇದ್ದರೆ ಓಣಿಯಲ್ಲಿ ಎದ್ದು ಕಾಣುತ್ತದೆ, ಧೈರ್ಯವಾಗಿ ಬರೆಯಿಸಿ. ಆದರೂ ಒಂದು ತೊಡಕು ಉಳಿಯುತ್ತದೆ. ಪಾರ್ಸೆಲ್ ಮೇಲೆ ಇರುವುದು ಆರ್ಡರ್ ಮಾಡಿದವರ ಹೆಸರು. ಮಗಳು ಬಾಣಂತನಕ್ಕೆ ಬಂದಾಗ ತನ್ನ ಗಂಡನ ಮನೆಯ ಅಡ್ಡಹೆಸರಲ್ಲಿ ತರಿಸುತ್ತಾಳೆ, ಮೇಲಿನ ಮಹಡಿಯ ಬಾಡಿಗೆಯವರು ಅವರ ಹೆಸರಲ್ಲಿ. ಬೋರ್ಡಿನ ಅಡ್ಡಹೆಸರಿಗೂ ಚೀಟಿಗೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ಅಡ್ಡಹೆಸರು ಸಣ್ಣ ಸಾಲಾಗಿ ಕೆಳಗಿರಲಿ.

ಮನೆ ಹೆಸರು ಇವೆರಡರ ನಡುವೆ ನಿಲ್ಲುತ್ತದೆ. ಸರಿಯಾದ ಹೆಸರು ಸಿಕ್ಕರೆ ಫೋನಿನಲ್ಲಿ ದಾರಿ ಹೇಳಲು ನಂಬರಿಗಿಂತ ಒಳ್ಳೆಯದು. ಫೋರ್ಟೀನ್ ಅಂದದ್ದು ಫೋರ್ಟಿ ಅಂತ ಗದ್ದಲದಲ್ಲಿ ತಪ್ಪು ಕೇಳಿಸಬಹುದು, ಓಣಿಯಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರು ತಪ್ಪುವುದು ಕಡಿಮೆ. ಗುರುಕೃಪಾ, ಮಾತೃಛಾಯಾ, ಸಾಯಿಕೃಪಾ ಇವು ಪುಣೆಯ ಓಣಿ ಓಣಿಗೂ ಇವೆ. ದೇವರ ಮೇಲಿನ ಭಕ್ತಿಯಿಂದ ಇಡುವ ಹೆಸರು, ಬೇಡ ಅನ್ನಲು ನನಗೂ ಮನಸ್ಸಿಲ್ಲ. ಅಂಥ ಹೆಸರೇ ಬೇಕಿದ್ದರೆ ಬಾಗಿಲ ಚೌಕಟ್ಟಿನ ಮೇಲೆ ಇರಲಿ, ಗೇಟಿನ ಮೇಲೆ ಬೇರೆ ಹೆಸರಿರಲಿ. ಅವ್ವ ಒಪ್ಪಿದ್ದು ಹೀಗೆಯೇ. ಗುರುಕೃಪಾ ಈಗ ನಮ್ಮ ತೋರಣದ ಕೆಳಗಿದೆ.

ಫೋನಿನಲ್ಲಿ ಹೇಳಿ, ಅವರೇ ಬರೆಯಲಿ

ಗೇಟಿಗೆ ನಮ್ಮ ಮುಂದೆ ಮೂರು ಹೆಸರು ಇದ್ದವು. ನನ್ನ ಹೆಂಡತಿಗೆ ‘ನಮ್ಮನೆ’ ಇಷ್ಟ. ಮಗಳಿಗೆ ‘ಬೆಳಗು’. ನನಗೆ ‘ಚಿಗುರು’. ಮೂರೂ ಕನ್ನಡಕ್ಕೆ ಚೆಂದ, ಆದರೆ ಬೋರ್ಡು ಓದುವವರು ಕನ್ನಡದವರಲ್ಲ. ಅದಕ್ಕೆ ಐದು ಜನರನ್ನು ಕೇಳಿದೆವು. ವಾಚ್‌ಮನ್, ಪಕ್ಕದ ಮನೆಯ ಕಾಕು, ಕಿರಾಣಿ ಅಂಗಡಿಯವರು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಮಗಳ ಬಿಹಾರದ ಗೆಳತಿ. ಫೋನಿನಲ್ಲಿ ಹೆಸರನ್ನು ಒಂದೇ ಸಲ ಹೇಳುವುದು, ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಫೋಟೋ ಕಳಿಸುವುದು. ಅಕ್ಷರ ಹೇಳಿಕೊಡುವ ಹಾಗಿಲ್ಲ.

‘ನಮ್ಮನೆ’ ಬಿದ್ದುಹೋಯಿತು. ಇಬ್ಬರು `Naman` ಅಂತ ಬರೆದರು, ಅದು ಹುಡುಗನ ಹೆಸರು. ಕಾಕು `Nam Mane` ಅಂತ ಬಿಡಿಸಿ ಬರೆದರು. ಮಹಾರಾಷ್ಟ್ರದಲ್ಲಿ `Mane` ಅಂದರೆ ಮಾನೆ ಎಂಬ ಅಡ್ಡಹೆಸರು. ‘ಮಾನೆ ಕೋಣ್ ಆಹೇತ್?’, ಅಂದರೆ ಮಾನೆ ಯಾರು, ಅಂತ ಅವರು ಕೇಳಿದ ಮೇಲೆ ಹೆಂಡತಿಯೇ ಆ ಹೆಸರು ಬಿಟ್ಟಳು. ಹೊಸಮನೆ, ತವರುಮನೆ, ಅರಮನೆ, ಯಾವುದೇ ‘ಮನೆ’ಗೂ ಇದೇ ಗತಿ.

‘ಬೆಳಗು’ ಇನ್ನೂ ಕಷ್ಟ. ಇಬ್ಬರ ಕಿವಿಗೆ ಬೆಳಗಾವಿ ಕೇಳಿಸಿತು, `Belgav` ಅಂತ ಬರೆದರು. ಪಾರ್ಸೆಲ್ ವಿಳಾಸದಲ್ಲಿ ಇನ್ನೊಂದು ಊರಿನ ಹೆಸರು ಹೋಲುವ ಪದ ಇರುವುದು ಒಳ್ಳೆಯದಲ್ಲ.

‘ಚಿಗುರು’ವನ್ನು ನಾಲ್ವರು `Chiguru` ಅಂತಲೇ ಬರೆದರು. ಒಬ್ಬರು ಕೊನೆಗೆ ಎರಡು ಒ ಹಾಕಿದರು. ಕಾರಣ ಆಮೇಲೆ ಹೊಳೆಯಿತು. ಆ ಪದದಲ್ಲಿ ಚ, ಗ, ರ ಇವೆ, ಇ ಮತ್ತು ಉ ಇವೆ. ಇವೆಲ್ಲ ಮರಾಠಿಯಲ್ಲೂ ಹಿಂದಿಯಲ್ಲೂ ಹಾಗೇ ಇವೆ. ಒತ್ತಕ್ಷರ ಇಲ್ಲ, ದೀರ್ಘ ಇಲ್ಲ. ನಮ್ಮ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ. ಮರಾಠಿ ಬರವಣಿಗೆಯಲ್ಲಿ ಆ ಎರಡರ ಭೇದವಿಲ್ಲ. ‘ನೆಲೆ’ ಅಂದರೆ ಅವರು ‘ನೇಲೇ’ ಅನ್ನುತ್ತಾರೆ. ಮನೆ ಸಿಗುತ್ತದೆ, ಹೆಸರು ಹಾಳಾಗುತ್ತದೆ. ಅದು ನಿಮಗೆ ಬೇಜಾರಾದರೆ ಎ, ಒ ಇಲ್ಲದ ಹೆಸರು ಹುಡುಕಿ. ಸುಗ್ಗಿ, ಹಸಿರು, ತುಂಗಾ, ಮುಗಿಲು ಇಂಥವು ಬಹಳ ಇವೆ.

ಸ್ಪೆಲಿಂಗ್: ಕರ್ನಾಟಕದ ರೂಢಿಯೋ, ಮಹಾರಾಷ್ಟ್ರದ ರೂಢಿಯೋ?

ಒಂದೇ ಅಕ್ಷರವನ್ನು ಎರಡು ರಾಜ್ಯದವರು ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿ ಬರೆಯುತ್ತಾರೆ. ನಮಗೆ ಅದು ಕಣ್ಣಿಗೇ ಬೀಳುವುದಿಲ್ಲ, ಅಲ್ವಾ?

ಮುಖ್ಯವಾದದ್ದು ತ. ನಮ್ಮಲ್ಲಿ ಗೀತಾ ಅಂದರೆ `Geetha`, ಪ್ರೀತಿ ಅಂದರೆ `Preethi`. ಮರಾಠಿಯವರಿಗೆ `th` ಅಂದರೆ ಥ, ತ ಅಂದರೆ `t`. ‘ಅಮೃತ’ ಅಂತ ಫೋನಿನಲ್ಲಿ ಕೇಳಿದವರು `Amrut` ಹುಡುಕುತ್ತಾರೆ, ನಿಮ್ಮ ಗೇಟಿನ ಮೇಲೆ `Amrutha` ಇರುತ್ತದೆ. ಇಷ್ಟಕ್ಕೆ ಯಾರೂ ದಾರಿ ತಪ್ಪುವುದಿಲ್ಲ ಅನ್ನಿ. ಆದರೆ ಮನೆ ಹೆಸರು ಪೂರ್ತಿ ನಿಮ್ಮ ಕೈಯಲ್ಲಿರುವಾಗ ಆ ಊರಿನ ಕಣ್ಣಿಗೆ ರೂಢಿಯಾದ `t` ಹಾಕುವುದೇ ಸರಿ ಅಂತ ನನ್ನ ಅಭಿಪ್ರಾಯ. ವ್ಯಕ್ತಿಯ ಹೆಸರನ್ನು ಮಾತ್ರ ಬದಲಿಸಬೇಡಿ. ಆಧಾರ್‌ನಲ್ಲಿ `Savitha` ಇದ್ದರೆ ಬೋರ್ಡಿನ ಮೇಲೂ ಹಾಗೇ ಇರಲಿ. ಬ್ಯಾಂಕಿನ ಕಾರ್ಡು, ರಿಜಿಸ್ಟರ್ಡ್ ಪತ್ರ ಬರುವುದು ಆ ಹೆಸರಿಗೆ.

ನಿಜವಾಗಿ ದಾರಿ ತಪ್ಪಿಸುವುದು ಜ್ಞ. ‘ಜ್ಞಾನಜ್ಯೋತಿ’ಗೆ ನಾವು `Jnana` ಬರೆಯುತ್ತೇವೆ, ಮರಾಠಿಯವರು `Dnyan`, ಹಿಂದಿಯವರು `Gyan`. ಮೊದಲ ಅಕ್ಷರವೇ ಮೂರು ಬಗೆ. ಓಡುತ್ತಾ ನೋಡುವ ಕಣ್ಣು ಹಿಡಿಯುವುದು ಮೊದಲ ಅಕ್ಷರವನ್ನು. ಪುಣೆಯಲ್ಲಿ ಈ ಹೆಸರು ಇಡುವುದಾದರೆ `Dnyan` ಅಂತಲೇ ಬರೆಯಿಸಿ. ಇಲ್ಲವಾದರೆ ಹೆಸರನ್ನೇ ಬದಲಿಸಿ. ಋ ಮಾತ್ರ ನಮ್ಮ ಪುಣ್ಯ. ಕೃಪಾ ಇಬ್ಬರಿಗೂ `Krupa`, ಹಿಂದಿಯವರಿಗೆ ಮಾತ್ರ `Kripa`.

ಪದದ ಕೊನೆಯ ಅಕಾರ ಇನ್ನೊಂದು. ನಿಲಯ, ಸದನ ಅಂತ ನಾವು ಪೂರ್ತಿ ಹೇಳುತ್ತೇವೆ. ಅವರು ನಿಲಯ್, ಸದನ್ ಅನ್ನುತ್ತಾರೆ, `Nilay`, `Sadan` ಅಂತ ಬರೆಯುತ್ತಾರೆ. ಎರಡೂ ನಡೆಯುತ್ತದೆ. ಯಾವುದಾದರೂ ಒಂದನ್ನು ಹಿಡಿದು ಎಲ್ಲ ಕಡೆ ಅದನ್ನೇ ಬರೆಯಿರಿ.

ಈ ‘ಎಲ್ಲ ಕಡೆ’ ಅನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. ನಾವೂ ಎಡವಿದ್ದೆವು. ಬೋರ್ಡಿನ ಮೇಲೆ ಒಂದು, ಹೆಂಡತಿಯ ಮೊಬೈಲಿನಲ್ಲಿ ಇನ್ನೊಂದು, ಮಗಳದ್ದರಲ್ಲಿ ಹಳೇ ಬಾಡಿಗೆ ಮನೆಯ ವಿಳಾಸ. ಈಗ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಳಾಸ ಪಿನ್ ಮಾಡಿಟ್ಟಿದ್ದೇವೆ, ಎಲ್ಲರೂ ಅದನ್ನೇ ಕಾಪಿ ಮಾಡುತ್ತಾರೆ. ಸೊಸೈಟಿಯ ಹೆಸರು ಬಿಟ್ಟು ಅದು ಹೀಗಿದೆ:

```
Row House 14, CHIGURU
Lane 2, right side, black gate
Dhayari, Pune 411041
```

ನಂಬರು ಮೊದಲು, ಹೆಸರು ಅದೇ ಸಾಲಿನಲ್ಲಿ. ಆಪ್‌ಗಳು ಪರದೆಯ ಮೇಲೆ ಮೊದಲ ಸಾಲು ತೋರಿಸಿ ಉಳಿದದ್ದನ್ನು ಮಡಚಿಡುವುದುಂಟು. ಬೋರ್ಡಿನ ಮೇಲೆ ಇರುವ ಎರಡು ವಿಷಯ ಆ ಮೊದಲ ಸಾಲಿನಲ್ಲೇ ಬರಬೇಕು. ಸರ್ವೆ ನಂಬರನ್ನು ಇಲ್ಲಿ ತುರುಕಬೇಡಿ.

ಲಿಪಿ: ಎರಡೋ ಮೂರೋ?

ಮಹಾರಾಷ್ಟ್ರದಲ್ಲಿ ಅಂಗಡಿ, ಆಫೀಸುಗಳ ಬೋರ್ಡು ಮರಾಠಿಯಲ್ಲಿ ಇರಲೇಬೇಕು ಎಂಬ ಕಾನೂನಿದೆ. ಅದು ವ್ಯಾಪಾರದ ಜಾಗಗಳಿಗೆ, ವಾಸದ ಮನೆಗಲ್ಲ. ಮನೆಯ ಕೆಳಗೆ ಕ್ಲಿನಿಕ್ಕೋ ಟ್ಯೂಷನ್ನೋ ನಡೆಸಿ ಬೋರ್ಡು ಹಾಕುವವರು ಅದನ್ನು ವಿಚಾರಿಸಿಕೊಳ್ಳಲಿ. ಮನೆಗೆ ನೀವು ನಿಮಗೆ ಬೇಕಾದ ಲಿಪಿ ಬರೆಯಿಸಬಹುದು.

ನಾವು ಮೂರೂ ಹಾಕಿಸಿದೆವು. ಕನ್ನಡ ನಮಗಾಗಿ ಮತ್ತು ಊರಿಂದ ಬರುವ ಹಿರಿಯರಿಗಾಗಿ. ಗೇಟಿನ ಮೇಲೆ ಕನ್ನಡ ಕಂಡರೆ ಮಾವ ಇನ್ನು ಯಾರನ್ನೂ ಕೇಳಬೇಕಿಲ್ಲ. ಇಂಗ್ಲಿಷ್ ಚೀಟಿಗೆ ಹೊಂದಿಸುವುದಕ್ಕೆ. ದೇವನಾಗರಿ ಗ್ಯಾಸಿನವನಿಗೆ, ಹಾಲಿನವರಿಗೆ, ಅವ್ವನನ್ನು ನೋಡಲು ಬರುವ ನರ್ಸ್‌ಗೆ. ಜಾಗ ಕಡಿಮೆ ಇದ್ದು ಒಂದನ್ನು ಬಿಡಲೇಬೇಕಾದರೆ ದೇವನಾಗರಿ ಬಿಡಿ. ಇಂಗ್ಲಿಷ್ ಬಿಟ್ಟರೆ ಚೀಟಿಗೆ ಜೋಡಿ ಸಿಗುವುದಿಲ್ಲ.

ದೇವನಾಗರಿ ಬರೆಯಿಸುವಾಗ ಒಂದು ಮಾತು. ಮರಾಠಿ ಬರವಣಿಗೆಯ ನಿಯಮದಲ್ಲಿ ಪದದ ಕೊನೆಯ ಇ, ಉ ದೀರ್ಘವಾಗುತ್ತವೆ. ‘ಚಿಗುರು’ ಅವರ ಕೈಯಲ್ಲಿ ‘ಚಿಗುರೂ’ ಆಗುತ್ತದೆ. ನಾನು ಮೊದಲು ಜಗಳ ಆಡಿದೆ. ಆಮೇಲೆ ಅವರ ಲಿಪಿಯಲ್ಲಿ ಅವರ ನಿಯಮವೇ ಇರಲಿ ಅಂತ ಬಿಟ್ಟೆ. ಓದುವವರಿಗೆ ಅದೇ ಸಹಜ.

ಕನ್ನಡ ಅಕ್ಷರದ ವಿಷಯದಲ್ಲಿ ಮಾತ್ರ ಬಿಡಬೇಡಿ. ಬೋರ್ಡು ಮಾಡುವ ಅಂಗಡಿಯವರಿಗೆ ಕನ್ನಡ ಓದಲು ಬರುವುದಿಲ್ಲ. ನೀವು ವಾಟ್ಸಾಪಿನಲ್ಲಿ ಪದ ಕಳಿಸಿದರೆ ಅವರ ಹಳೆಯ ಡಿಸೈನ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ, ಕೊಂಬು ಕಳಚುತ್ತದೆ. ಅವರಿಗೆ ಅದು ತಪ್ಪು ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ ಪದವನ್ನು ನೀವೇ ದಪ್ಪ ಫಾಂಟಿನಲ್ಲಿ ಜೋಡಿಸಿ ಪಿಡಿಎಫ್ ಮಾಡಿ ಕೊಡಿ. `Noto Sans Kannada` ಬೋಲ್ಡ್, `Baloo Tamma 2` ಎರಡೂ ಉಚಿತವಾಗಿ ಸಿಗುತ್ತವೆ. ತೆಳ್ಳಗಿನ ಫಾಂಟು ಕತ್ತರಿಸುವಾಗ ಮುರಿಯುತ್ತದೆ. ಅಂಗಡಿಯವರಿಗೆ ‘ಕರ್ವ್ ಮಾಡಿ’ ಅಂತ ಹೇಳಿ. ಅಂದರೆ ಅಕ್ಷರ ಬರೀ ಗೆರೆಯ ಆಕಾರವಾಗುತ್ತದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಬದಲಾಗುವುದಿಲ್ಲ. ಕಡೆಗೆ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಗೇಟಿಗೆ ಅಂಟಿಸಿ ನೋಡಿದ ಮೇಲೆಯೇ ಒಪ್ಪಿಗೆ ಕೊಡಿ.

ಅಳತೆ, ವಸ್ತು, ಜಾಗ

ಬೋರ್ಡಿನ ಕೆಲಸದವರಲ್ಲಿ ಒಂದು ಸುಲಭ ಲೆಕ್ಕ ಇದೆ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಗಾಡಿಯವನು ನಮ್ಮ ಗೇಟನ್ನು ಗಮನಿಸುವುದು ಸುಮಾರು ಮೂವತ್ತು ಅಡಿಯಿಂದ. ಹಾಗಾಗಿ ನಂಬರು ಮೂರು ಇಂಚು. ಹೆಸರು ಒಂದೂವರೆ ಇಂಚು, ಅದು ಹತ್ತಿರ ಬಂದ ಮೇಲೆ ಖಾತ್ರಿ ಮಾಡಿಕೊಳ್ಳಲು. ಅಡ್ಡಹೆಸರು ಮುಕ್ಕಾಲು ಇಂಚು. ಇಷ್ಟಕ್ಕೆ ಹದಿನೆಂಟು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಹಲಗೆ ಸಾಕಾಯಿತು.

ವಸ್ತುವಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಬಣ್ಣದ ಬಗ್ಗೆ ಕೆಡಿಸಿಕೊಳ್ಳಿ. ಹಿತ್ತಾಳೆಯ ಮೇಲೆ ಹಿತ್ತಾಳೆ ಅಕ್ಷರ, ಸ್ಟೀಲಿನ ಮೇಲೆ ಸ್ಟೀಲ್ ಅಕ್ಷರ ಅಂಗಡಿಯ ದೀಪದಲ್ಲಿ ಹೊಳೆಯುತ್ತದೆ, ಓಣಿಯ ಬಿಸಿಲಲ್ಲಿ ಕಾಣುವುದೇ ಇಲ್ಲ. ನಮ್ಮ ಮೊದಲ ಹಿತ್ತಾಳೆ ಬೋರ್ಡು ಒಂದೇ ಮಳೆಗಾಲಕ್ಕೆ ಕಪ್ಪಾಯಿತು. ಕಪ್ಪು ಗ್ರಾನೈಟಿನ ಮೇಲೆ ಕೆತ್ತಿ ಬಿಳಿ ಬಣ್ಣ ತುಂಬಿದರೆ ಬಹಳ ಚೆನ್ನಾಗಿ ಓದಿಸುತ್ತದೆ, ಕೆಲವು ವರ್ಷಕ್ಕೊಮ್ಮೆ ಬಣ್ಣ ಮತ್ತೆ ತುಂಬಿಸಬೇಕು. ನಾವು ಆಯ್ಕೆ ಮಾಡಿದ್ದು ಹೊಳಪಿಲ್ಲದ ಕಡು ಬಣ್ಣದ ಅಕ್ರಿಲಿಕ್, ಮೇಲೆ ಬಿಳಿ ಅಕ್ಷರ. ಮುಂಬೈ, ಗೋವಾದಲ್ಲಿ ಸಮುದ್ರದ ಹತ್ತಿರ ಮನೆ ಇದ್ದರೆ ಮಾಮೂಲಿ 304 ಸ್ಟೀಲಿಗೆ ಕಂದು ಕಲೆ ಬರುತ್ತದೆ. ಸ್ಟೀಲೇ ಬೇಕಿದ್ದರೆ 316 ಕೇಳಿ, ಸ್ಕ್ರೂ ಕೂಡ ಅದೇ ಇರಲಿ. ದೀಪ ಹಾಕಿಸುವುದಾದರೆ ಮೇಲಿಂದ ಬೋರ್ಡಿನ ಮೇಲೆ ಬೀಳುವ ಸಣ್ಣ ದೀಪ ಸಾಕು. ಅಕ್ಷರದ ಹಿಂದಿನಿಂದ ಹೊಳೆಯುವ ಎಲ್‌ಇಡಿಯಲ್ಲಿ ಕನ್ನಡದ ಗುಂಡು ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಮಸುಕಾಗುತ್ತವೆ.

ಜಾಗದಲ್ಲಿ ನಾವು ಎರಡು ತಪ್ಪು ಮಾಡಿದ್ದೆವು. ಮೊದಲ ಬೋರ್ಡನ್ನು ಗೇಟಿನ ಬಾಗಿಲಿಗೇ ಹಾಕಿದ್ದೆವು. ಕಾರು ತೆಗೆಯಲು ಗೇಟು ತೆರೆದಾಗ ಬೋರ್ಡು ಒಳಗೆ ಗೋಡೆಗೆ ಮುಖ ಮಾಡುತ್ತಿತ್ತು. ಈಗ ಕಂಬಕ್ಕೆ ಹಾಕಿದ್ದೇವೆ, ನೆಲದಿಂದ ಐದು ಅಡಿ ಎತ್ತರಕ್ಕೆ. ಎರಡನೆಯದು, ರಸ್ತೆಗೆ ಮುಖ ಮಾಡಿದ ಬೋರ್ಡು ಅದರ ಎದುರಿಗೆ ಬಂದ ಮೇಲೆಯೇ ಕಾಣುತ್ತದೆ, ಅಷ್ಟರಲ್ಲಿ ಗಾಡಿ ದಾಟಿರುತ್ತದೆ. ಅದಕ್ಕೆ ಕಂಬದ ಪಕ್ಕದ ಮುಖಕ್ಕೆ, ಓಣಿಯೊಳಗೆ ಬರುವವರಿಗೆ ಕಾಣುವ ಹಾಗೆ, ಬರೀ 14 ಎಂಬ ಇನ್ನೊಂದು ಸಣ್ಣ ತಗಡು ಹೊಡೆಸಿದೆವು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಅದು. ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ಬೋರ್ಡು ಕಾಣುವ ತನಕ

ಮ್ಯಾಪಿನಲ್ಲಿ ಪಿನ್ ಇಡುವಾಗ ಮನೆಯ ಚಾವಣಿಯ ನಡುವೆ ಇಡಬೇಡಿ, ಗೇಟಿನ ಮೇಲೆ ಇಡಿ. ರೋ ಹೌಸುಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡಿರುತ್ತವೆ. ಚಾವಣಿಯ ಮೇಲಿಟ್ಟ ಪಿನ್ ಹಿಂದಿನ ಓಣಿಗೆ ಹತ್ತಿರವಾದರೆ ಮ್ಯಾಪು ಜನರನ್ನು ಅಲ್ಲಿಗೇ ಕಳಿಸುತ್ತದೆ. ನಮ್ಮ ಔಷಧಿ ಪಾರ್ಸೆಲ್ ಒಂದು ಸಲ ವಾಪಸ್ ಹೋದದ್ದು ಹೀಗೆಯೇ. ಗೂಗಲ್ ಮ್ಯಾಪಿನ ಪ್ಲಸ್ ಕೋಡ್ ಸಾಮಾನ್ಯವಾಗಿ ಸುಮಾರು 14 ಮೀಟರ್ ಉದ್ದಗಲದ ಚೌಕವನ್ನು ತೋರಿಸುತ್ತದೆ. ಬಂಗಲೆಗೆ ಅದು ಸಾಕು, ಐದು ಮೀಟರ್ ಅಗಲದ ರೋ ಹೌಸಿಗೆ ಅದರಲ್ಲಿ ಎರಡು ಮೂರು ಮನೆ ಬರುತ್ತವೆ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಹತ್ತು ಅಕ್ಷರದ್ದು, ಸುಮಾರು ನಾಲ್ಕು ಮೀಟರ್ ಚೌಕ. ಅದು ನಮ್ಮ ಗೇಟನ್ನೇ ಹಿಡಿಯುತ್ತದೆ. ಅದನ್ನು ಬರೆದಿಟ್ಟುಕೊಂಡಿದ್ದೇವೆ. ಬೋರ್ಡಿನ ಮೇಲೆ ಮಾತ್ರ ಹಾಕಿಲ್ಲ, ಗೇಟಿಗೆ ಬಂದವರಿಗೆ ಅದರಿಂದ ಏನೂ ಆಗಬೇಕಿಲ್ಲ.

ಬೋರ್ಡು ಹಾಕಿದ ದಿನ ವಾಚ್‌ಮನ್ ಹತ್ತಿರ ಹೋಗಿ ಅವನ ರಿಜಿಸ್ಟರಿನಲ್ಲಿ ನಮ್ಮ ಸಾಲು ನೋಡಿದೆ. ಅಲ್ಲಿ ಇನ್ನೂ ಬಿಲ್ಡರ್ ಕೊಟ್ಟ ಪಟ್ಟಿಯ ಹಾಗೆ ‘ಪ್ಲಾಟ್ 9, ಕುಲಕರ್ಣಿ’ ಅಂತಿತ್ತು. ಅದನ್ನು ಹೊಡೆದು, ಅವನ ಕೈಯಿಂದಲೇ ‘14, ಚಿಗುರೂ’ ಅಂತ ಮರಾಠಿಯಲ್ಲಿ ಬರೆಯಿಸಿದೆ. ಮೂವರು ಕುಲಕರ್ಣಿಗಳ ಫೋನ್ ನಂಬರುಗಳನ್ನೂ ಆಯಾ ಮನೆ ನಂಬರಿನ ಎದುರಿಗೆ ಬರೆದುಕೊಂಡ.